ವಾಲೆಟ್‌ನಿಂದ ₹650, ಕಾರ್ಡಿನಿಂದ ₹1,750

ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಬಾಗಲಕೋಟೆಯ ಅಂಗಡಿಯೊಂದರಲ್ಲಿ ಪಾವತಿ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಿಂದಿರುಗಿಸಿದ ಸೀರೆಯ ಹಣವನ್ನು ಗ್ರಾಹಕರು ಬಯಸಿದರೆ ನಮ್ಮ ವಾಲೆಟ್‌ಗೆ ಜಮೆ ಮಾಡುತ್ತೇವೆ. ಅದನ್ನು ನಮ್ಮಲ್ಲಿ ಮಾತ್ರ ಬಳಸಬಹುದು.

₹2,400ರ ಸೀರೆಗೆ ವಾಲೆಟ್‌ನಿಂದ ₹650, ಉಳಿದ ₹1,750 ಕಾರ್ಡಿನಿಂದ ಎಂದಾಗ ಗ್ರಾಹಕರಿಗೆ ಅದು ಒಂದೇ ಪಾವತಿಯಾಗಿ ಕಾಣುತ್ತದೆ. ಆದರೆ ವಾಲೆಟ್‌ನ ಲೆಕ್ಕ ನಮ್ಮ ಕೈಯಲ್ಲಿದ್ದರೆ ಕಾರ್ಡಿನ ಲೆಕ್ಕ ಬ್ಯಾಂಕಿನ ಕೈಯಲ್ಲಿರುತ್ತದೆ, ಎರಡನ್ನೂ ಒಂದೇ ಕ್ಷಣದಲ್ಲಿ ಮುಗಿಸಲು ಬರುವುದಿಲ್ಲ. ಮೊದಲು ನಾವು ವಾಲೆಟ್‌ನ ಹಣವನ್ನು ಕಡಿತಗೊಳಿಸಿ ನಂತರ ಕಾರ್ಡಿನ ಪುಟ ತೆರೆಯುತ್ತಿದ್ದೆವು. ಒಟಿಪಿ ಬಾರದೆ ಪುಟ ಮುಚ್ಚಿದ ವಿಜಯಪುರದ ಗ್ರಾಹಕರೊಬ್ಬರು ಫೋನ್ ಮಾಡಿ, "ಸೀರಿನೂ ಬರಲಿಲ್ಲ, ಇದ್ದ ರೊಕ್ಕಾನೂ ಹೋತಲ್ರೀ" ಎಂದರು. ಅವರ ಮಾತು ನ್ಯಾಯವಾಗಿತ್ತು.

ಅಂದಿನಿಂದ ಆ ₹650 ಅನ್ನು ಕಡಿತಗೊಳಿಸದೆ, ಬೇರೆ ಖರೀದಿಗೆ ಸಿಗದಂತೆ ತಡೆಹಿಡಿಯುತ್ತೇವೆ. ಕಾರ್ಡಿನ ಹಣ ಬಂದರೆ ಕಡಿತ, ವಿಫಲವಾದರೆ ಬಿಡುಗಡೆ. ಕಾರ್ಡಿಗೆ ಹಣ ಮರಳಲು ದಿನಗಳು ಹಿಡಿಯುತ್ತವೆ, ತಡೆ ತೆಗೆಯಲು ಕ್ಷಣ ಸಾಕು. ಆದ್ದರಿಂದಲೇ ವಾಲೆಟ್‌ನ ತಡೆ ಮೊದಲು ಬರಬೇಕು.

ಆದರೂ ಒಂದು ಲೋಪ ಉಳಿದಿತ್ತು. ತಡೆಯ ಅವಧಿಯನ್ನು 15 ನಿಮಿಷಕ್ಕೆ ಇಟ್ಟಿದ್ದೆವು. ಒಮ್ಮೆ ಅವಧಿ ಮುಗಿದು ₹650 ಬಿಡುಗಡೆಯಾಯಿತು. ಪಾವತಿ ಆಗಲಿಲ್ಲವೆಂದು ತಿಳಿದ ಗ್ರಾಹಕರು 18ನೆಯ ನಿಮಿಷಕ್ಕೆ ಅದೇ ಹಣದಿಂದ ಗುಳೇದಗುಡ್ಡದ ಖಣ ಕೊಂಡರು. 20ನೆಯ ನಿಮಿಷಕ್ಕೆ ₹1,750 ಬಂದಿದೆಯೆಂಬ ಸೂಚನೆ, ನಮಗೂ ಬ್ಯಾಂಕಿಗೂ ನಡುವೆ ಕಾರ್ಡಿನ ಪಾವತಿ ನಡೆಸಿಕೊಡುವ ಗೇಟ್‌ವೇಯಿಂದ ಬಂತು. ನಮ್ಮ ವ್ಯವಸ್ಥೆ ತಡೆ ಇನ್ನೂ ಇದೆಯೇ ಎಂದು ನೋಡದೆ ಆರ್ಡರನ್ನು ಖಚಿತಪಡಿಸಿತು. ಪ್ರತಿ ಬಿಲ್ಲಿನ ಎರಡೂ ಪಾಲುಗಳನ್ನು ರಾತ್ರಿ ಕೂಡಿಸಿ ನೋಡಿದ್ದರಿಂದ ಕೊರತೆ ಸಿಕ್ಕಿತು.

ಈಗ ಅವಧಿ ಮುಗಿದಾಗ ಮೊದಲು ಗೇಟ್‌ವೇಯಲ್ಲಿ ಪಾವತಿಯ ಸ್ಥಿತಿ ವಿಚಾರಿಸುತ್ತೇವೆ, ವಿಫಲವೆಂದು ಖಚಿತವಾದರೆ ಮಾತ್ರ ತಡೆ ತೆಗೆಯುತ್ತೇವೆ. ಆಮೇಲೂ ತಡವಾಗಿ ಯಶಸ್ಸಿನ ಸೂಚನೆ ಬಂದರೆ ₹650 ಅನ್ನು ಮತ್ತೆ ತಡೆಹಿಡಿಯಲು ಯತ್ನಿಸುತ್ತೇವೆ. ಹಣ ಇಲ್ಲದಿದ್ದರೆ ಆರ್ಡರ್ ರದ್ದುಗೊಳಿಸಿ ಪೂರ್ತಿ ₹1,750 ಅನ್ನು ಕಾರ್ಡಿಗೇ ಮರಳಿಸುತ್ತೇವೆ. ಒಂದೇ ಸೂಚನೆ ಎರಡು ಬಾರಿ ಬರುವುದೂ ಉಂಟು, ಹೀಗಾಗಿ ಪಾವತಿ ಸಂಖ್ಯೆಯನ್ನು ಮೊದಲೇ ದಾಖಲಿಸಿದ್ದರೆ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಖಾತೆಯಿಂದ ಹಣ ಹೋಗಿ ನಮಗೆ ಸೂಚನೆಯೇ ತಲುಪದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಅದು ತಾನಾಗಿ ಮರಳಬೇಕು. ಮೀರಿದರೆ ದಿನಕ್ಕೆ ₹100 ಪರಿಹಾರವಿದೆ.

ಸೆರಗಿನಲ್ಲಿ ದೋಷವಿದೆಯೆಂದು ₹600 ಮರಳಿಸಬೇಕಾದರೆ ಪಾವತಿಸಿದ ಪ್ರಮಾಣದಲ್ಲೇ ₹162.50 ವಾಲೆಟ್‌ಗೆ, ₹437.50 ಕಾರ್ಡಿಗೆ ಹೋಗುತ್ತದೆ. ಎರಡೂ ಮೊತ್ತಗಳನ್ನು ರಸೀದಿಯಲ್ಲಿ ಬೇರೆ ಬೇರೆಯಾಗಿ ಮುದ್ರಿಸುತ್ತೇವೆ.