ತೋಟದ ಮನೆಯಲ್ಲಿ ಮೌನ ಹಿಡಿಯಲು ಹೋದ ಮೂರು ದಿನ

ಆ ತೋಟದ ಮನೆಗೆ ನಾನು ಹೋಗಿದ್ದು ಅವರ ಹೋಂಸ್ಟೇಗೆ ಒಂದು ನಿಮಿಷದ ಪ್ರಚಾರದ ವಿಡಿಯೊ ಮಾಡಿಕೊಡಲು. ಮೂರು ದಿನ ಇದ್ದೆ. ಮೊದಲ ದಿನ ದಾರಿಯಲ್ಲೇ ಕಳೆಯಿತು. ತಲುಪಿದೆ, ಊಟ ಮಾಡಿದೆ, ಮಲಗಿದೆ. ಬರೆಯಬೇಕು ಅನ್ನಿಸಿದ್ದು ಮರುದಿನ ಬೆಳಗಿನ ಜಾವದ ಬಗ್ಗೆ.

ಐದು ಗಂಟೆಗೆ ಎದ್ದು ಜಗಲಿಯಲ್ಲಿ ಕೂತೆ. ಇನ್ನೂ ಕತ್ತಲು. ಹೆಂಚಿನ ಅಂಚಿನಿಂದ ಇಬ್ಬನಿ ತೊಟ್ಟಿಕ್ಕಿ ಕೆಳಗಿನ ಎಲೆ ಮೇಲೆ ಬೀಳುವುದು ಕೇಳುತ್ತಿತ್ತು. ಒಂದು ಹನಿ, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ, ಮತ್ತೆ ಒಂದು ಹನಿ. ಇದೇ ಸಾಕು, ಇದನ್ನೇ ತೋರಿಸಿದರೆ ಆಯಿತು ಅಂದುಕೊಂಡು ಫೋನನ್ನು ಟ್ರೈಪಾಡಿಗೆ ಸಿಕ್ಕಿಸಿ ಎರಡು ನಿಮಿಷ ರೆಕಾರ್ಡ್ ಮಾಡಿದೆ. ಆಮೇಲೆ ಇಯರ್‌ಫೋನ್ ಹಾಕಿ ಕೇಳಿದರೆ ಎದೆ ಧಸಕ್ಕೆಂದಿತು. ಮೌನ ಎಲ್ಲೂ ಇಲ್ಲ! ದೂರದಲ್ಲಿ ಜೋರು ಮಳೆ ಸುರಿದ ಹಾಗೆ ಒಂದೇ ಸಮ 'ಶ್ಶ್ಶ್' ಅನ್ನುವ ಸದ್ದು.

ತಪ್ಪು ತೋಟದ್ದಲ್ಲ, ಫೋನಿನದು. ಸದ್ದು ಕಡಿಮೆ ಇದ್ದಾಗ ಫೋನ್ ತಾನಾಗಿಯೇ ಮೈಕಿನ ಮಟ್ಟ ಏರಿಸುತ್ತದೆ. ಆಗ ಮೈಕಿನದೇ ಒಳಗಿನ ಸಣ್ಣ ಸದ್ದೂ ಜೊತೆಗೆ ಏರುತ್ತದೆ. ಇದನ್ನು ಗುರುತಿಸುವುದು ಸುಲಭ. ಯಾರೋ ಒಂದು ಕೊಡಪಾನ ಇಟ್ಟ ಸದ್ದಾದ ತಕ್ಷಣ ಆ 'ಶ್ಶ್ಶ್' ಮಾಯವಾಗುತ್ತದೆ, ಒಂದೆರಡು ಸೆಕೆಂಡಿನಲ್ಲಿ ಮೆಲ್ಲಗೆ ಮತ್ತೆ ಏರುತ್ತದೆ. ಒಂದು ಬೆಳಗು ಕೈತಪ್ಪಿತು. ಅದರ ಬೇಜಾರು ನನಗೆ ಇನ್ನೂ ಹೋಗಿಲ್ಲ. ಮೈಕಿನ ಮಟ್ಟವನ್ನು ಕೈಯಲ್ಲೇ ಹೊಂದಿಸಲು ಬಿಡುವ ಕ್ಯಾಮೆರಾ ಆ್ಯಪ್ ಇಲ್ಲದೆ ಇಂಥ ಜಾಗಕ್ಕೆ ದಯವಿಟ್ಟು ಹೋಗಬೇಡಿ.

ನನ್ನ ಫೋನಿನಲ್ಲಿ ಅಂಥ ಆ್ಯಪ್ ಇತ್ತು, ಬಳಸುವುದನ್ನೇ ಮರೆತಿದ್ದೆ. ಮನೆಯ ಅಕ್ಕನನ್ನು ಎದುರಿಗೆ ಕೂರಿಸಿ, ಸುಮ್ನೆ ಏನಾದ್ರೂ ಮಾತಾಡಿ ಅಂದೆ. ಅವರ ದನಿ ಜೋರಾದಾಗ ಮೀಟರ್ ‑12 ಡೆಸಿಬೆಲ್ ಹತ್ತಿರ ಬರುವಂತೆ ಮಟ್ಟ ಹೊಂದಿಸಿ, ಅಲ್ಲಿಗೇ ಬಿಗಿ ಮಾಡಿದೆ. ಆಮೇಲೆ ಎಲ್ಲವನ್ನೂ ಅದೇ ಮಟ್ಟದಲ್ಲಿ ರೆಕಾರ್ಡ್ ಮಾಡಿದೆ. ಆ 'ಶ್ಶ್ಶ್' ಕಿವಿಗೆ ಬೀಳದಷ್ಟು ಕೆಳಗಿಳಿಯಿತು.

ಈಗ ಬೇರೆ ತೊಂದರೆ. ಮೌನ ನಿಜವಾಗಿಯೂ ಮೌನವಾಗಿಬಿಟ್ಟಿತು. ಬಸ್ಸಿನಲ್ಲಿ ಕೂತು ಫೋನ್ ನೋಡುವವರಿಗೆ ಅದು ಮೌನ ಅಂತ ಗೊತ್ತಾಗುವುದಿಲ್ಲ, ಫೋನ್ ಮ್ಯೂಟ್ ಆಗಿದೆ ಅನ್ನಿಸುತ್ತದೆ. ಮೌನ ಕೇಳಿಸಬೇಕಾದರೆ ಪಕ್ಕದಲ್ಲೇ ಒಂದು ಸಣ್ಣ ಸದ್ದು ಇರಬೇಕು.

ಅದು ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಕ್ಕ ಆಗಷ್ಟೇ ಬಳ್ಳಿಯಿಂದ ಕೊಯ್ದು ತಂದ ಕುಂಬಳಕಾಯಿ ಹೆಚ್ಚಲು ಕೂತರು. ಮೈಕನ್ನು ಒಂದು ಗೇಣು ದೂರದಲ್ಲಿ ಇಟ್ಟೆ. ಸಿಪ್ಪೆಗೆ ಕತ್ತಿ ಇಳಿಯುವಾಗ 'ಕರ್' ಅನ್ನುವ ಸದ್ದು, ಹೋಳು ತಟ್ಟೆಗೆ ಬಿದ್ದಾಗ 'ಟಕ್'. ನಡುವೆ ಅವರು ಬೀಜ ಬಿಡಿಸಲು ಕೈ ನಿಲ್ಲಿಸಿದರು. ಆ ನಾಲ್ಕು ಸೆಕೆಂಡಿನಲ್ಲಿ ದೂರದ ಒಂದು ಹಕ್ಕಿ ಕೂಗಿದ್ದು ಕೇಳಿತು. ಇಡೀ ವಿಡಿಯೊದಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ನಾಲ್ಕು ಸೆಕೆಂಡು. ಹಿನ್ನೆಲೆ ಸಂಗೀತ ಹಾಕಿದ್ದರೆ ಅದು ಸತ್ತೇ ಹೋಗುತ್ತಿತ್ತು.

ಅದಕ್ಕೆ ಮೊದಲು ಫ್ರಿಜ್ ಆಫ್ ಮಾಡಿಸಬೇಕಾಯಿತು. ಅದರ ಗುಂಯ್ ಸದ್ದಿಗೆ ಮನೆಯವರ ಕಿವಿ ಒಗ್ಗಿಹೋಗಿರುತ್ತದೆ, ಮೈಕಿಗೆ ಒಗ್ಗುವುದಿಲ್ಲ. ಆಫ್ ಮಾಡಿದ ಮೇಲೆ ನನ್ನ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟೆ. ಮತ್ತೆ ಆನ್ ಮಾಡುವುದು ಮರೆತರೂ ಹೊರಡುವಾಗ ಕೀಲಿ ಹುಡುಕಲೇಬೇಕಲ್ವಾ.

ಮಧ್ಯಾಹ್ನ ಊಟ ಆದ ಮೇಲೆ ಅಕ್ಕ ಒಂದು ವಿಷಯ ಹೇಳಿದರು. ಮಿಕ್ಕ ದಿನ ಪೂರ್ತಿ ನಾವು ಅದನ್ನೇ ಮಾತಾಡಿದೆವು.

ಹಿಂದೆ ಒಬ್ಬರು ಇವರಿಗೆ ವಿಡಿಯೊ ಮಾಡಿಕೊಟ್ಟಿದ್ದರಂತೆ. ತೋಟಕ್ಕೆ ನೀರು ಬಿಡುವ ತೊಟ್ಟಿಯನ್ನು ಡ್ರೋನಿನಿಂದ ತೆಗೆದಿದ್ದರು. ನೀಲಿಯಾಗಿ ಹೊಳೆಯುತ್ತಿತ್ತು. ಅದನ್ನು ನೋಡಿ ಒಂದು ಕುಟುಂಬ ಬಂತು.

"ಮಗು ಈಜುವ ಬಟ್ಟೆ ಹಾಕ್ಕೊಂಡೇ ಕಾರಿಂದ ಇಳೀತು" ಅಂದರು ಅಕ್ಕ. "ತೊಟ್ಟಿ ಆಳ ಇದೆ, ಇಳಿಯೋ ಹಾಗಿಲ್ಲ ಅಂದೆ. ಅವರು ಬೈಯಲೂ ಇಲ್ಲ. ಸಂಜೆನೇ ಹೊರಟರು. ದುಡ್ಡು ವಾಪಸ್ ಕೊಟ್ಟೆ. ಆದರೆ ಆ ಮಗು ಅಳ್ತಾ ಹೋಯಿತಲ್ಲ, ಅದನ್ನ ಹೇಗೆ ವಾಪಸ್ ಕೊಡಲಿ?"

"ಹಾಗಾದ್ರೆ ಏನೇನು ಇಲ್ಲ ಅಂತ ಮೊದಲೇ ಬರೆದುಬಿಡೋಣ ಅಕ್ಕ."

"ಬರೀ ಇಲ್ಲ ಇಲ್ಲ ಅಂತ ಬರೆದರೆ ಯಾರು ಬರ್ತಾರೆ? ಇರೋದನ್ನ ಇರೋ ಹಾಗೆ ತೋರಿಸು. ಬೇಡದವರು ಅಲ್ಲೇ ಬಿಟ್ಟುಬಿಡ್ತಾರೆ."

ಅವರ ಮಾತೇ ಸರಿ ಅನ್ನಿಸಿತು. 'ಈಜುಕೊಳ ಇಲ್ಲ' ಅಂತ ಬರೆಯುವುದಕ್ಕಿಂತ ತೊಟ್ಟಿಯ ಪಕ್ಕ ನಿಂತು, ಪಂಪಿನ ಪೈಪೂ ಕಾಣುವ ಹಾಗೆ ತೆಗೆದರೆ ಅದು ತೊಟ್ಟಿ ಅಂತ ಯಾರಿಗೂ ಹೇಳಬೇಕಾಗಿಲ್ಲ.

ಕೋಣೆಯನ್ನೂ ಹಾಗೇ ತೆಗೆದೆ. ಫೋನಿನ 0.5 ಲೆನ್ಸ್ ಸಣ್ಣ ಕೋಣೆಯನ್ನು ಸಭಾಂಗಣದ ಹಾಗೆ ಅಗಲ ಮಾಡುತ್ತದೆ. ಮಂಚದ ಕಾಲುಗಳು ಹೊರಗೆ ಎಳೆದ ಹಾಗೆ ಕಂಡರೆ ಆ ಲೆನ್ಸ್ ಬಳಸಿದ್ದಾರೆ ಅಂತ ಅರ್ಥ. ನಾನು 1 ಲೆನ್ಸ್ ಇಟ್ಟುಕೊಂಡು, ಬಾಗಿಲಲ್ಲಿ ನಿಂತು, ಕಣ್ಣಿನ ಎತ್ತರದಿಂದ ತೆಗೆದೆ. ನೆಲದ ಮೇಲೆ ನನ್ನ ಬ್ಯಾಗ್ ಹಾಗೇ ಬಿಟ್ಟಿದ್ದೆ. ಅದರಿಂದ ಅಳತೆ ಗೊತ್ತಾಗುತ್ತದೆ.

ಸ್ನಾನದ ಮನೆ ಅಂಗಳದ ಆಚೆ. ಕೋಣೆಯಿಂದ ಅಲ್ಲಿಗೆ ನಡೆದು ಹೋಗುವುದನ್ನು ಎಲ್ಲೂ ಕತ್ತರಿಸದೆ ತೋರಿಸಿದೆ. 22 ಹೆಜ್ಜೆ, 14 ಸೆಕೆಂಡು. ಕೊನೆಗೆ ಹಂಡೆಯ ಬಿಸಿನೀರು ಬಕೆಟ್ಟಿಗೆ ಬೀಳುವುದು. ಪರದೆ ಮೇಲೆ ಒಂದೇ ಸಾಲು: 'ಸ್ನಾನಕ್ಕೆ ಬಕೆಟ್ ನೀರು, ಸೌದೆ ಒಲೆಯಲ್ಲಿ ಕಾಯಿಸಿದ್ದು.' ಸಣ್ಣ ವಿಡಿಯೊದಲ್ಲಿ 14 ಸೆಕೆಂಡು ತುಂಬಾ ಜಾಸ್ತಿ, ನಿಜ. ಆದರೆ ರಾತ್ರಿ ಏಳಬೇಕಾಗುವ ವಯಸ್ಸಾದವರಿಗೆ ಅದು ಗೊತ್ತಿರಲೇಬೇಕು.

ಊಟಕ್ಕೆ ಹತ್ತು ಬಗೆ ಜೋಡಿಸಿಟ್ಟು ಚಿತ್ರ ತೆಗೆಯುವುದು ನನಗೆ ಹಿಡಿಸುವುದಿಲ್ಲ. ಬಂದವರು ಆ ಹತ್ತೂ ಬಗೆ ಕೇಳುತ್ತಾರೆ. ಅಕ್ಕನ ಮನೆಯಲ್ಲಿ ಅವತ್ತು ತೋಟದಲ್ಲಿ ಸಿಕ್ಕಿದ್ದೇ ಅಡುಗೆ. ಹಾಗಾಗಿ ಆ ಒಂದೇ ಕುಂಬಳಕಾಯಿಯನ್ನು ಬಳ್ಳಿಯಿಂದ ತಟ್ಟೆಯವರೆಗೆ ಹಿಂಬಾಲಿಸಿದೆ. ಬಡಿಸುವಾಗ ಮೊದಲು ಹಬೆ ಕಾಣಲೇ ಇಲ್ಲ, ಹಿಂದೆ ಬಿಳಿ ಗೋಡೆ ಇತ್ತು. ತಟ್ಟೆಯನ್ನು ಒಲೆಯ ಮಸಿ ಹಿಡಿದ ಗೋಡೆಯ ಮುಂದೆ ಇಟ್ಟು, ಕಿಟಕಿಯ ಬೆಳಕು ಓರೆಯಾಗಿ ಹಿಂದಿನಿಂದ ಬೀಳುವ ಹಾಗೆ ತಿರುಗಿಸಿದೆ. ಹಬೆ ಎದ್ದು ಕಂಡಿತು. ಪಕ್ಕದಲ್ಲಿ ಬರೆದೆ: 'ಇವತ್ತು ಕುಂಬಳಕಾಯಿ. ನೀವು ಬಂದ ದಿನ ಬೇರೆ ಇರಬಹುದು.'

ಮೂರನೇ ದಿನ ಹನಿ ಬೀಳುವುದನ್ನು ಮತ್ತೆ ರೆಕಾರ್ಡ್ ಮಾಡಿದೆ, ಸರಿಯಾಗಿ ಬಂತು. 56 ಸೆಕೆಂಡಿನ ವಿಡಿಯೊ ಜೋಡಿಸಿ ಅಕ್ಕನಿಗೆ ತೋರಿಸಿದೆ. 'ಸದ್ದೇ ಇಲ್ಲದ ಜಾಗ' ಅಂತ ಕೊನೆಯಲ್ಲಿ ಹಾಕಿದ್ದೆ. ಅವರು ತಲೆ ಅಲ್ಲಾಡಿಸಿದರು. "ನಾಲ್ಕೂವರೆಗೆ ಹುಂಜ ಕೂಗತ್ತೆ. ರಾತ್ರಿ ನಾಯಿನೂ ಬೊಗಳತ್ತೆ." ಆ ಸಾಲು ತೆಗೆದು ಹುಂಜದ ಕೂಗನ್ನೇ ಮೊದಲಿಗೆ ಹಾಕಿದೆ.

ವಾರ ಕಳೆದ ಮೇಲೆ ಅಕ್ಕ ಫೋನ್ ಮಾಡಿದರು. ವಿಡಿಯೊ ನೋಡಿ ಒಬ್ಬರು ವಿಚಾರಿಸಿದ್ದರಂತೆ. ಅವರು ಕೇಳಿದ್ದು ಎರಡೇ: ಅಂಗಳದಲ್ಲಿ ರಾತ್ರಿ ದೀಪ ಇರುತ್ತಾ, ಬಿಸಿನೀರು ಒಬ್ಬರಿಗೆ ಎಷ್ಟು ಬಕೆಟ್ ಸಿಗುತ್ತೆ.

"ಏನಂದ್ರಿ?"

"ದೀಪ ಇದೆ, ಕರೆಂಟ್ ಹೋದರೆ ಟಾರ್ಚ್ ಕೊಡ್ತೀನಿ. ನೀರು ಎರಡು ಬಕೆಟ್, ಇನ್ನೂ ಬೇಕಾದರೆ ಅರ್ಧ ಗಂಟೆ ಮುಂಚೆ ಹೇಳಿ ಅಂದೆ. ಶನಿವಾರ ಬರ್ತಾರೆ."