ವಜ್ರದ ಬೆಲೆಯ ಎರಡು ಚಿತ್ರಗಳು

ಪದವಿ ವಿದ್ಯಾರ್ಥಿಗಳ ಸಂಖ್ಯಾಶಾಸ್ತ್ರ ಪ್ರಯೋಗಾಲಯದಲ್ಲಿ, ದತ್ತಾಂಶದ ನಡುವಿನ ಅರ್ಧಭಾಗವನ್ನು ಪೆಟ್ಟಿಗೆಯಾಗಿ ತೋರಿಸುವ ಬಾಕ್ಸ್ ಪ್ಲಾಟ್ ಕಲಿಸುವಾಗ ನಾನು ಸಾಮಾನ್ಯವಾಗಿ `diamonds` ದತ್ತಾಂಶವನ್ನು ತೆಗೆದುಕೊಳ್ಳುತ್ತೇನೆ. ಅದರಲ್ಲಿ 53,940 ವಜ್ರಗಳ ಬೆಲೆ ಡಾಲರ್ ಲೆಕ್ಕದಲ್ಲಿದೆ. ಅತಿ ಕಡಿಮೆ ಬೆಲೆ 326, ಅತಿ ಹೆಚ್ಚು 18,823. ಮಧ್ಯಾಂಕ 2,401 ಆದರೆ ಸರಾಸರಿ 3,933. ದತ್ತಾಂಶ ಮೇಲ್ಬೆಲೆಯ ಕಡೆಗೆ ಉದ್ದನೆಯ ಬಾಲ ಚಾಚಿದೆ ಎಂಬುದು ಈ ಎರಡು ಅಂಕಿಗಳ ಅಂತರದಿಂದಲೇ ತಿಳಿಯುತ್ತದೆ.

ಕಳೆದ ಅವಧಿಯ ಒಂದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಬಾಕ್ಸ್ ಪ್ಲಾಟ್ ಬರೆದು, ಮೇಲಿನ ಗೆರೆಯಾಚೆ ಒತ್ತೊತ್ತಾಗಿ ನಿಂತಿದ್ದ ಚುಕ್ಕಿಗಳನ್ನು ತೋರಿಸಿ, "ಸರ್, ಇವೆಲ್ಲ ಔಟ್‌ಲೈಯರ್ ಅಲ್ವಾ, ತೆಗೆದುಬಿಡಲಾ?" ಎಂದು ಕೇಳಿದ. ಎಷ್ಟಿವೆ ಎಂದು ಮೊದಲು ಎಣಿಸಲು ಹೇಳಿದೆ. 3,540 ಬಂತು, ಅಂದರೆ ಒಟ್ಟಿನ ಶೇಕಡಾ ಆರೂವರೆಯಷ್ಟು. ಸಮಮಿತಿಯುಳ್ಳ ಗಂಟೆಯಾಕಾರದ ದತ್ತಾಂಶದಲ್ಲಿ ಚುಕ್ಕಿಗಳನ್ನು ಆರಿಸುವ ಅದೇ ನಿಯಮ ಶೇಕಡಾ ಒಂದನ್ನೂ ಹೊರಗಿಡುವುದಿಲ್ಲ. ಆ ನಿಯಮ ಹೀಗೆ: ಪೆಟ್ಟಿಗೆಯ ಕೆಳ ಅಂಚಾದ ಕೆಳ ಚತುರ್ಥಕ 950, ಮೇಲಿನದು 5,324. ಇವುಗಳ ಅಂತರದ ಒಂದೂವರೆ ಪಟ್ಟನ್ನು ಮೇಲಿನ ಚತುರ್ಥಕಕ್ಕೆ ಸೇರಿಸಿದರೆ ಸುಮಾರು 11,886 ಆಗುತ್ತದೆ. ಅದಕ್ಕಿಂತ ದುಬಾರಿಯಾದ ಪ್ರತಿ ವಜ್ರವೂ ಚುಕ್ಕಿಯಾಗುತ್ತದೆ. ಅವು ತಪ್ಪು ನಮೂದುಗಳಲ್ಲ, ಬೆಲೆಬಾಳುವ ಹರಳುಗಳು ಅಷ್ಟೇ.

ಅದೇ ಬೆಲೆಗಳಿಗೆ ವಯೊಲಿನ್ ಪ್ಲಾಟ್ ಬರೆಸಿದೆ. ಇದರಲ್ಲಿ ಮೇಲೆ ಕೆಳಗೆ ಹೋಗುವುದು ಬೆಲೆ. ಯಾವ ಬೆಲೆಯ ಬಳಿ ಆಕೃತಿ ಎಷ್ಟು ಅಗಲವಾಗಿದೆಯೋ ಅಲ್ಲಿ ವಜ್ರಗಳು ಅಷ್ಟು ದಟ್ಟವಾಗಿವೆ ಎಂದರ್ಥ. ಎಡಬಲಗಳು ಒಂದರ ಪ್ರತಿಬಿಂಬ ಇನ್ನೊಂದಾದ್ದರಿಂದ ಒಂದು ಬದಿಯನ್ನು ಓದಿದರೆ ಸಾಕು. ಚುಕ್ಕಿಗಳ ಜಾಗದಲ್ಲಿ ಈಗ ಕ್ರಮೇಣ ಸಪೂರವಾಗುತ್ತಾ ಹೋಗುವ ಬಾಲ ಕಂಡಿತು, ಎಲ್ಲೂ ಕಡಿದಂತಿಲ್ಲ. ವಾಲಿಕೆಯನ್ನು ಬಾಕ್ಸ್ ತೋರಿಸಲಿಲ್ಲವೆಂದಲ್ಲ: ಪೆಟ್ಟಿಗೆಯಲ್ಲಿ ಮಧ್ಯಾಂಕದ ಗೆರೆಯ ಮೇಲಿನ ಭಾಗ ಕೆಳಗಿನದರ ಎರಡರಷ್ಟು ಉದ್ದವಿತ್ತು. ಆದರೆ ಪೆಟ್ಟಿಗೆಯೊಳಗೆ ವಜ್ರಗಳು ಎಲ್ಲಿ ಗುಂಪುಗೂಡಿವೆ ಎಂಬುದನ್ನು ಅದು ಹೇಳುವಂತಿಲ್ಲ.

ಆಕೃತಿಯ ತಳವನ್ನು ಮೊದಲು ಗಮನಿಸಿದವಳು ಮುಂದಿನ ಸಾಲಿನ ಹುಡುಗಿ. "ಸರ್, ಸೊನ್ನೆಗಿಂತ ಕಡಿಮೆ ಬೆಲೆಗೆ ವಜ್ರ ಯಾರು ಮಾರ್ತಾರೆ?" ಎಂದಳು. ವಯೊಲಿನ್ ಸೊನ್ನೆಯ ಕೆಳಗೆ ಐನೂರು ಡಾಲರಿಗೂ ಹೆಚ್ಚು ಇಳಿದಿತ್ತು. ನಾವು ಬಳಸುತ್ತಿದ್ದ ಸೀಬಾರ್ನ್ ಎಂಬ ಪೈಥಾನ್ ಲೈಬ್ರರಿ ಪ್ರತಿ ಬೆಲೆಯ ಮೇಲೂ ಒಂದು ಸಣ್ಣ ದಿಬ್ಬವನ್ನಿಟ್ಟು ಎಲ್ಲವನ್ನೂ ಕೂಡಿಸುತ್ತದೆ. ದಿಬ್ಬದ ಹರವನ್ನು ನಿರ್ಧರಿಸುವ ಬ್ಯಾಂಡ್‌ವಿಡ್ತ್ ಇಲ್ಲಿ ಸುಮಾರು 450 ಡಾಲರ್, ಮತ್ತು ನಾವು ಏನೂ ಹೇಳದಿದ್ದರೆ ಸೀಬಾರ್ನ್ ಕನಿಷ್ಠ ಗರಿಷ್ಠಗಳಾಚೆಗೂ ಆ ಬ್ಯಾಂಡ್‌ವಿಡ್ತಿನ ಎರಡು ಪಟ್ಟು ದೂರ ಆಕೃತಿಯನ್ನು ಎಳೆಯುತ್ತದೆ. 326ರಿಂದ 900 ಕಳೆದರೆ ಋಣ ಬೆಲೆ ಬರುವುದು ಸಹಜ. `cut=0` ಎಂದು ಕೊಟ್ಟರೆ ಆಕೃತಿ ದತ್ತಾಂಶದ ಅಂಚಿನಲ್ಲೇ ನಿಲ್ಲುತ್ತದೆ. ಆದರೂ ಒಂದೇ ಅಗಲದ ದಿಬ್ಬಗಳು ಅಗ್ಗದ ವಜ್ರಗಳ ದಟ್ಟ ಗುಂಪನ್ನು ಮಸುಕಾಗಿಸುತ್ತವೆ, ಆದ್ದರಿಂದ ಹೀಗೆ ವಾಲಿದ ಬೆಲೆಗಳಿಗೆ ನನ್ನ ಒಲವು ಲಾಗ್ ಅಳತೆಯ ಕಡೆಗೆ.

```python
import seaborn as sns
d = sns.load_dataset("diamonds")
sns.violinplot(data=d, y="price", log_scale=True, cut=0)
```

ಮೊದಲೇ ಲಾಗ್ ತೆಗೆದು ಆಮೇಲೆ ಸಾಂದ್ರತೆಯನ್ನು ಲೆಕ್ಕ ಹಾಕುವುದು ಇಲ್ಲಿ ಮುಖ್ಯ. ಬರೆದು ಮುಗಿದ ಚಿತ್ರದ ಅಕ್ಷವನ್ನಷ್ಟೇ ಲಾಗ್‌ಗೆ ಬದಲಿಸಿದರೆ ಹಳೆಯ ಆಕೃತಿಯೇ ಹಿಗ್ಗಿ ಕುಗ್ಗುತ್ತದೆ. ಈಗ ಎರಡು ಉಬ್ಬುಗಳು ಎದ್ದುಬಂದವು: ಸಾವಿರ ಡಾಲರಿನ ತುಸು ಕೆಳಗೊಂದು, ನಾಲ್ಕೈದು ಸಾವಿರದ ಸುತ್ತ ಇನ್ನೊಂದು. ಇದೇ ಲಾಗ್ ಅಳತೆಯಲ್ಲಿ ಬರೆಸಿದ ಬಾಕ್ಸ್ ಪ್ಲಾಟಿನಲ್ಲಿ 3,540 ಚುಕ್ಕಿಗಳಲ್ಲಿ ಒಂದೂ ಉಳಿಯಲಿಲ್ಲ, ಏಕೆಂದರೆ ಮೇಲಿನ ಮಿತಿ ಎಪ್ಪತ್ತು ಸಾವಿರ ಡಾಲರ್ ದಾಟಿತ್ತು. ಪೆಟ್ಟಿಗೆ ಬಹುಮಟ್ಟಿಗೆ ಸಮವಾಗಿ, ನೋಡಲು ಅಚ್ಚುಕಟ್ಟಾಗಿತ್ತು, ಅದರ ಮಧ್ಯಾಂಕದ ಗೆರೆಯೋ ಎರಡು ಉಬ್ಬುಗಳ ನಡುವೆ ಬಿದ್ದಿತ್ತು. ಅದನ್ನೊಂದನ್ನೇ ನೋಡಿದವರು 2,401 ಡಾಲರಿನ ವಜ್ರವನ್ನು ಈ ಪಟ್ಟಿಯ ಮಾದರಿ ವಜ್ರವೆಂದು ತಿಳಿಯುತ್ತಿದ್ದರು.

ವಯೊಲಿನ್‌ಗೂ ಕಾಣದ್ದೊಂದು ಈ ಪಟ್ಟಿಯಲ್ಲಿದೆ. 1,500 ಡಾಲರಿನ ಆಚೀಚೆ, ಎರಡೂ ಕಡೆ ಸುಮಾರು 45 ಡಾಲರಿನಷ್ಟು ಅಗಲಕ್ಕೆ, ಒಂದೂ ವಜ್ರವಿಲ್ಲ. 450 ಡಾಲರಿನ ದಿಬ್ಬಗಳಡಿಯಲ್ಲಿ 90 ಡಾಲರಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಬ್ಯಾಂಡ್‌ವಿಡ್ತನ್ನು ಹಿಗ್ಗಿಸಿ ಕುಗ್ಗಿಸುವ `bw_adjust` ಅನ್ನು ತಗ್ಗಿಸುತ್ತಾ ಹೋದರೆ ಆ ಖಾಲಿ ಜಾಗ ಹೊರಬೀಳುತ್ತದೆ, ಆದರೆ ಆ ವೇಳೆಗೆ ಆಕೃತಿಯ ಅಂಚೆಲ್ಲ ಗರಗಸದಂತಾಗಿರುತ್ತದೆ. ಹತ್ತು ಡಾಲರಿನ ಕಂಬಗಳ ಹಿಸ್ಟೋಗ್ರಾಂ ಬರೆಸಿದಾಗ ಆ ಖಾಲಿ ಜಾಗ ತರಗತಿಯ ಹಿಂದಿನ ಬೆಂಚಿಗೂ ಕಂಡಿತು.