ಒಂದೇ ಸಾಲು ಬದಲಿಸಬೇಕಿತ್ತು, ಇಡೀ ವಿಡಿಯೋ ಮತ್ತೆ ಓದಿಸಿದೆವು

ನಾನು ತರಬೇತಿ ವಿಡಿಯೋಗಳಿಗೆ ಸ್ಕ್ರಿಪ್ಟ್ ಬರೆಯುತ್ತೇನೆ. ಮಹಿಳಾ ಸಂಘಗಳ ಸಭೆಯಲ್ಲಿ ಟ್ಯಾಬ್‌ನಲ್ಲಿ ಹಾಕಿ ತೋರಿಸುವಂಥ ಐದಾರು ನಿಮಿಷದ ಕನ್ನಡ ವಿಡಿಯೋಗಳು. ಎಟಿಎಂ ಬಳಸುವುದು ಹೇಗೆ, ಫೋನಿನಲ್ಲಿ ದುಡ್ಡು ಕಳಿಸುವುದು ಹೇಗೆ, ಇಂಥವು.

2024ರ ಮಧ್ಯದಲ್ಲಿ ಯುಪಿಐ ಲೈಟ್ ಬಗ್ಗೆ ಒಂದು ವಿಡಿಯೋ ಮಾಡಿದೆವು. ಆಗ ಲೈಟ್‌ನಲ್ಲಿ ಎರಡು ಸಾವಿರ ರೂಪಾಯಿವರೆಗೆ ಇಟ್ಟುಕೊಳ್ಳಬಹುದಿತ್ತು. ಒಂದು ಸಲಕ್ಕೆ 500 ರೂಪಾಯಿವರೆಗೆ ಪಿನ್ ಇಲ್ಲದೆ ಕೊಡಬಹುದಿತ್ತು. ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಮಿತಿಗಳನ್ನು ಏರಿಸಿತು. ಎರಡು ಸಾವಿರ ಇದ್ದದ್ದು ಐದು ಸಾವಿರ ಆಯಿತು, 500 ಇದ್ದದ್ದು ಸಾವಿರ ಆಯಿತು. ನಮ್ಮ ವಿಡಿಯೋದಲ್ಲಿ ಉಳಿದದ್ದೆಲ್ಲ ಸರಿಯಾಗೇ ಇತ್ತು. ಎರಡು ಅಂಕಿ ಮಾತ್ರ ಹಳೆಯವು.

ಎರಡು ಅಂಕಿ ಬದಲಿಸಿದರೆ ಆಯ್ತಲ್ಲ ಅಂದುಕೊಂಡು ಸ್ಕ್ರಿಪ್ಟ್ ತೆಗೆದು ನೋಡಿದೆ. ನಾನು ಬರೆದಿದ್ದ ಮುಖ್ಯ ವಾಕ್ಯ ಹೀಗಿತ್ತು:

"ಯುಪಿಐ ಲೈಟ್‌ಗೆ ಮೊದಲು ಎರಡು ಸಾವಿರದವರೆಗೆ ದುಡ್ಡು ಹಾಕಿಟ್ಟುಕೊಂಡು, ಆಮೇಲೆ ಹಾಲು, ತರಕಾರಿ, ಬಸ್ ಟಿಕೆಟ್ ಅಂತ ಐನೂರು ರೂಪಾಯಿವರೆಗಿನ ಸಣ್ಣಪುಟ್ಟ ಖರ್ಚಿಗೆ ಪಿನ್ ಒತ್ತದೇನೇ ಕೊಡ್ತಾ ಹೋಗಿ, ಅದು ಖಾಲಿಯಾದಾಗ ಮತ್ತೆ ಪಿನ್ ಹಾಕಿ ತುಂಬಿಸಿಕೊಳ್ಳಬಹುದು."

ಓದೋಕೆ ಸಲೀಸಾಗಿದೆ. ಬರೆದ ದಿನ ನನಗೂ ಖುಷಿಯಾಗಿತ್ತು. ಈಗ ಇದರಲ್ಲಿ "ಎರಡು ಸಾವಿರ", "ಐನೂರು" ಅನ್ನುವ ಎರಡನ್ನು ಮಾತ್ರ ಬದಲಿಸಬೇಕು.

ಎಡಿಟರ್ ಹುಡುಗ ಮೊದಲು "ಐನೂರು" ಬದಲಿಸಲು ಪ್ರಯತ್ನಿಸಿದ. ಅದೇ ವಿಡಿಯೋದಲ್ಲಿ ಬೇರೆ ಕಡೆ "ಸಾವಿರ" ಅನ್ನುವ ಮಾತು ಇತ್ತಲ್ಲ, ಅದನ್ನು ಕತ್ತರಿಸಿ ಇಲ್ಲಿ ಅಂಟಿಸಲು ನೋಡಿದ. ಆಗಲಿಲ್ಲ. ನಾವು ಬರೆಯುವಾಗ "ಐನೂರು ರೂಪಾಯಿ" ಅಂತ ಬಿಡಿಸಿ ಬರೆಯುತ್ತೇವೆ. ಬಾಯಲ್ಲಿ ಬರುವುದು "ಐನೂರ್ರುಪಾಯಿ". ಸ್ಕ್ರೀನ್ ಮೇಲೆ ಧ್ವನಿಯ ಗೆರೆ ದೊಡ್ಡದು ಮಾಡಿ ನೋಡಿದರೆ ಎರಡು ಪದಗಳ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ. ಎಲ್ಲಿ ಕತ್ತರಿಸಿದರೂ ಒಂದು "ರ್" ತುಂಡಾಗಿ ಉಳಿಯುತ್ತಿತ್ತು. ಹೇಗೋ ಅಂಟಿಸಿದ್ದನ್ನು ಕೇಳಿಸಿಕೊಂಡರೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ನಂಬರ್ ಹೇಳುತ್ತಾರಲ್ಲ, ಒಂದೊಂದು ಅಂಕಿಯೂ ಒಂದೊಂದು ಧಾಟಿಯಲ್ಲಿ, ಥೇಟ್ ಹಾಗೇ ಇತ್ತು.

ಸರಿ, ಆ ವಾಕ್ಯವನ್ನಾದರೂ ಪೂರ್ತಿ ಮತ್ತೆ ಓದಿಸೋಣ ಅಂದರೆ ಅದರ ಮುಂದಿನ ವಾಕ್ಯ "ಹಾಗಾಗಿ" ಅಂತ ಶುರುವಾಗುತ್ತಿತ್ತು, ಅದೂ ಒಂದೇ ಉಸಿರಿನಲ್ಲಿ. ಅದರ ಮುಂದಿನದರಲ್ಲಿ "ಈಗ ಹೇಳಿದ ಐನೂರರ ಮಿತಿ" ಅಂತ ಇತ್ತು. ಒಟ್ಟು ನಾಲ್ಕು ಕಡೆ ಅಂಕಿ ಸೇರಿಕೊಂಡಿತ್ತು. ಜೊತೆಗೆ ಧ್ವನಿ ಮತ್ತು ಹಿನ್ನೆಲೆ ಸಂಗೀತವನ್ನು ಒಂದೇ ಟ್ರ್ಯಾಕ್ ಮಾಡಿ ಉಳಿಸಿದ್ದೆವು. ಧ್ವನಿ ಕತ್ತರಿಸಿದರೆ ಸಂಗೀತವೂ ಅಲ್ಲೇ ಎಗರುತ್ತಿತ್ತು.

ನಮಗೆ ಧ್ವನಿ ಕೊಡುವ ಅಕ್ಕನಿಗೆ ಫೋನ್ ಮಾಡಿ, ನಾಲ್ಕು ಕಡೆ ತಿದ್ದುಪಡಿ ಇದೆ ಅಂದೆ. ಅವರು ಬಂದು ಸ್ಕ್ರಿಪ್ಟ್ ನೋಡಿ, "ಇದರಲ್ಲಿ ನಿಲ್ಲಿಸೋಕೆ ಜಾಗ ಎಲ್ಲಿದೆ ಹೇಳು? ಉಸಿರು ತಗೊಳ್ಳೋಕೂ ಬಿಟ್ಟಿಲ್ಲ ನೀನು" ಅಂದರು. ಕೊನೆಗೆ ಇಡೀ ವಿಡಿಯೋ ಮೊದಲಿನಿಂದ ಓದಿಸಿದೆವು. ದೃಶ್ಯಗಳನ್ನೆಲ್ಲ ಹೊಸ ಧ್ವನಿಗೆ ಹೊಂದಿಸಿದೆವು. ಸಬ್‌ಟೈಟಲ್ ಸಮಯವನ್ನೂ ಪೂರ್ತಿ ಹೊಸದಾಗಿ ಹಾಕಿದೆವು. ಎರಡು ದಿನ ಹೋಯಿತು.

ಅಕ್ಕ ಹೇಳಿದ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಎಡಿಟಿಂಗ್‌ನಲ್ಲಿ ಕತ್ತರಿಸುವ ಜಾಗ ಹುಡುಕುವುದು ತಡವಾಗಿ ಮಾಡುವ ಕೆಲಸ. ಆ ಜಾಗವನ್ನು ಬರೆಯುವಾಗಲೇ ಇಡಬೇಕು. ಅದು ನನ್ನ ಕೆಲಸ.

ಕನ್ನಡದಲ್ಲಿ ಇದು ಸ್ವಲ್ಪ ಕಷ್ಟ ಯಾಕೆ ಅಂದರೆ, ನಮ್ಮ ಮಾತು ತಾನಾಗೇ ಪೋಣಿಸಿಕೊಂಡು ಹೋಗುತ್ತದೆ. ಹಾಕಿ, ಒತ್ತಿ, ನೋಡಿಕೊಂಡು, ಆಮೇಲೆ ಕೊಟ್ಟು, ಹೀಗೆ ಹತ್ತು ಕೆಲಸ ಹೇಳಿ ಕೊನೆಯಲ್ಲಿ ಒಂದು ಕ್ರಿಯಾಪದ ಹಾಕಿ ಮುಗಿಸಬಹುದು. ಓದುವವರ ದನಿಯೂ ಪ್ರತಿ "ಹಾಕಿ"ಗೆ, ಪ್ರತಿ "ಒತ್ತಿ"ಗೆ ಮೇಲೇ ನಿಂತಿರುತ್ತದೆ. ಇನ್ನೂ ಮಾತು ಇದೆ ಅಂತ ಅದರ ಅರ್ಥ. ಕೊನೆಯ ಕ್ರಿಯಾಪದಕ್ಕೆ ಬಂದಾಗ ಮಾತ್ರ ದನಿ ಕೆಳಗೆ ಇಳಿಯುತ್ತದೆ. ಕತ್ತರಿಸಬಹುದಾದ ಜಾಗ ಅಂದರೆ ದನಿ ಇಳಿದು ನಿಂತ ಜಾಗ. ಹಾಗಾಗಿ ಒಂದು ತುಂಡು ಪೂರ್ಣ ಕ್ರಿಯಾಪದದಲ್ಲೇ ಮುಗಿಯಬೇಕು. ಇನ್ನೊಂದು ತುದಿಯಲ್ಲೂ ಎಚ್ಚರ ಬೇಕು. "ಹಾಗಾಗಿ", "ಅದು", "ಆಗ", "ಮೂರನೆಯದಾಗಿ" ಅಂತ ಶುರುವಾದ ತುಂಡು ಹಿಂದಿನದಕ್ಕೆ ಒರಗಿಕೊಂಡಿರುತ್ತದೆ. ಹಿಂದಿನದನ್ನು ತೆಗೆದರೆ ಇದೂ ಬೀಳುತ್ತದೆ.

ಅದೇ ವಾಕ್ಯವನ್ನು ನಾನು ಮತ್ತೆ ಬರೆದದ್ದು ಹೀಗೆ:

```
050 ಯುಪಿಐ ಲೈಟ್‌ಗೆ ದುಡ್ಡು ಹಾಕುವಾಗ ಪಿನ್ ಒತ್ತಬೇಕು.
060 ಯುಪಿಐ ಲೈಟ್‌ನಲ್ಲಿ ಐದು ಸಾವಿರ ರೂಪಾಯಿವರೆಗೆ
    ಇಟ್ಟುಕೊಳ್ಳಬಹುದು.
070 ಲೈಟ್‌ನಿಂದ ಒಂದು ಸಲಕ್ಕೆ ಒಂದು ಸಾವಿರ
    ರೂಪಾಯಿವರೆಗೆ ಕೊಡಬಹುದು.
080 ಹಾಲು, ತರಕಾರಿ, ಬಸ್ ಟಿಕೆಟ್‌ನಂಥ ಸಣ್ಣ ಖರ್ಚನ್ನು
    ಲೈಟ್‌ನಿಂದ ಕೊಡುವಾಗ ಪಿನ್ ಬೇಕಿಲ್ಲ.
090 ಲೈಟ್‌ನಲ್ಲಿ ದುಡ್ಡು ಮುಗಿದರೆ ಮತ್ತೆ ತುಂಬಿಸಿಕೊಳ್ಳಬಹುದು.
```

ಹತ್ತು ಹತ್ತರ ಅಂತರದಲ್ಲಿ ನಂಬರ್ ಕೊಟ್ಟಿದ್ದು ಯಾಕೆ ಅಂದರೆ, ನಾಳೆ 060 ಮತ್ತು 070ರ ನಡುವೆ ಒಂದು ಸಾಲು ಸೇರಿಸಬೇಕಾದರೆ 065 ಅಂತ ಹಾಕಬಹುದು. ಉಳಿದ ಫೈಲುಗಳ ಹೆಸರು ಮುಟ್ಟಬೇಕಾಗಿಲ್ಲ. ಧ್ವನಿ ಫೈಲಿಗೂ ಅದೇ ನಂಬರ್, `UL_070_v1.wav`, ತಿದ್ದಿದರೆ `UL_070_v2.wav`. ಸಂಗೀತ ಬೇರೆ ಟ್ರ್ಯಾಕ್, ಯಾವತ್ತೂ.

ಇಲ್ಲಿ ಮುಖ್ಯವಾದದ್ದು 060 ಮತ್ತು 070. ಬದಲಾಗುವ ಅಂಕಿ ಇರುವುದು ಈ ಎರಡರಲ್ಲಿ ಮಾತ್ರ, ಒಂದೊಂದರಲ್ಲಿ ಒಂದೇ. ಉಳಿದ ಕಡೆ ಮಿತಿಯ ಮಾತು ಬಂದರೆ "ಲೈಟ್‌ನ ಮಿತಿ ದಾಟಿದರೆ" ಅಂತ ಬರೆಯುತ್ತೇನೆ, ಎಷ್ಟು ಅಂತ ಹೇಳುವುದಿಲ್ಲ. ಈಗ ಸ್ಕ್ರಿಪ್ಟ್ ಬರೆದು ಮುಗಿಸಿದ ಮೇಲೆ ಕೆಂಪು ಪೆನ್ ಹಿಡಿದು ಒಂದು ಸಲ ಕೂರುತ್ತೇನೆ. ಅಂಕಿ, ದಿನಾಂಕ, ಫೋನ್ ನಂಬರ್, ಆಪ್‌ನಲ್ಲಿನ ಬಟನ್ ಹೆಸರು, ಇವೆಲ್ಲದರ ಕೆಳಗೆ ಗೆರೆ. ಒಂದು ತುಂಡಿನಲ್ಲಿ ಎರಡು ಗೆರೆ ಬಂದರೆ ಅದನ್ನು ಒಡೆಯುತ್ತೇನೆ.

ಮೊದಲ ಸಲ ಹೀಗೆ ಬರೆದಾಗ "ಯುಪಿಐ ಲೈಟ್, ಯುಪಿಐ ಲೈಟ್" ಅಂತ ಪದೇ ಪದೇ ಬಂದು ಕಿವಿಗೆ ಬೇಜಾರಾಗುತ್ತೇನೋ ಅಂತ ಅನುಮಾನವಿತ್ತು. ಸಂಘದ ಸಭೆಯಲ್ಲಿ ಕೂತು ನೋಡಿದೆ. ಆ ಹೆಸರನ್ನು ಮೊದಲ ಸಲ ಕೇಳುತ್ತಿದ್ದವರಿಗೆ ಅದು ಜಾಸ್ತಿ ಅನ್ನಿಸಲೇ ಇಲ್ಲ. "ಅದು" ಅಂದಾಗ ಯಾವುದು ಅಂತ ಪಕ್ಕದವರನ್ನು ಕೇಳುತ್ತಿದ್ದವರು ಈಗ ಕೇಳಲಿಲ್ಲ. ಒಂದೇ ತುಂಡಿನ ಒಳಗೆ ಎರಡು ವಾಕ್ಯ ಇದ್ದರೆ ಎರಡನೆಯದರಲ್ಲಿ "ಇದರಲ್ಲಿ" ಅಂತ ಧಾರಾಳವಾಗಿ ಬಳಸುತ್ತೇನೆ. ಎರಡೂ ಒಟ್ಟಿಗೇ ಹೋಗುತ್ತವೆ, ಒಟ್ಟಿಗೇ ಬರುತ್ತವೆ.

ಬರೆದದ್ದು ಸರಿಯಿದ್ದರೂ ರೆಕಾರ್ಡಿಂಗ್ ದಿನ ಕೆಡಿಸಬಹುದು. ಓದುವವರ ಮುಂದೆ ಇಡೀ ಪುಟ ಇದ್ದರೆ ಕಣ್ಣು ಮುಂದಿನ ಸಾಲಿಗೆ ಹೋಗುತ್ತದೆ, ದನಿ ಇಳಿಯುವುದೇ ಇಲ್ಲ. ಅದಕ್ಕೆ ಈಗ ತುಂಡುಗಳ ನಡುವೆ ದೊಡ್ಡ ಜಾಗ ಬಿಟ್ಟು ಪ್ರಿಂಟ್ ಕೊಡುತ್ತೇವೆ. ಅಕ್ಕ ಒಂದು ತುಂಡು ಓದಿ, ಮನಸ್ಸಿನಲ್ಲಿ ಒಂದು ಎರಡು ಎಣಿಸಿ, ಉಸಿರು ತಗೊಂಡು ಮುಂದಿನದು ಓದುತ್ತಾರೆ. ಮೈಕ್‌ನಿಂದ ಬಾಯಿಗೆ ಒಂದು ಗೇಣು ದೂರ. ಅದನ್ನು ಸ್ಕ್ರಿಪ್ಟಿನ ಮೇಲೆ ಬರೆದಿಡುತ್ತೇವೆ, ಮೈಕ್ ಯಾವುದು, ರೂಮು ಯಾವುದು ಅಂತಲೂ. ಕೊನೆಯಲ್ಲಿ ಯಾರೂ ಮಾತಾಡದೆ ಅರ್ಧ ನಿಮಿಷ ಖಾಲಿ ರೂಮಿನ ಸದ್ದು ರೆಕಾರ್ಡ್ ಮಾಡುತ್ತೇವೆ. ಖಾಲಿ ಅಂದರೂ ರೂಮಿಗೆ ತನ್ನದೇ ಒಂದು ಗುಂಯ್ ಸದ್ದು ಇರುತ್ತದೆ. ಎರಡು ತುಂಡಿನ ನಡುವೆ ಅದನ್ನು ಹಾಸದೆ ಪೂರ್ತಿ ನಿಶ್ಶಬ್ದ ಬಿಟ್ಟರೆ ಹೆಡ್‌ಫೋನಿನಲ್ಲಿ ಸದ್ದು ಪಟ್ ಅಂತ ಆರಿಹೋದ ಹಾಗೆ ಕೇಳುತ್ತದೆ.

ಚಿತ್ರಕ್ಕೂ ಇದೇ ಲೆಕ್ಕ. ಒಂದು ತುಂಡಿಗೆ ಒಂದು ದೃಶ್ಯ. "ಐನೂರು" ಮೂರು ಅಕ್ಷರ, "ಒಂದು ಸಾವಿರ" ಐದು. ಅಷ್ಟಕ್ಕೇ ಸಾಲು ಚೂರು ಉದ್ದವಾಗುತ್ತದೆ. ಪ್ರತಿ ದೃಶ್ಯದ ಕೊನೆಯಲ್ಲಿ ಸುಮಾರು ಅರ್ಧ ಸೆಕೆಂಡ್ ಏನೂ ನಡೆಯದ ಜಾಗ ಬಿಟ್ಟಿದ್ದರೆ ಹೊಸ ಸಾಲು ಅಲ್ಲೇ ಹಿಡಿಸುತ್ತದೆ, ಮುಂದಿನ ದೃಶ್ಯ ಮತ್ತು ಸಬ್‌ಟೈಟಲ್ ಸರಿಯುವುದಿಲ್ಲ.

ಇದೆಲ್ಲ ನಿಜವಾಗಿ ಕೆಲಸಕ್ಕೆ ಬಂದದ್ದು ಕೆಲವು ತಿಂಗಳ ನಂತರ. ನಾವು ತೋರಿಸಿದ್ದ ಆಪ್‌ನಲ್ಲಿ ಒಂದು ಬಟನ್ ಕೆಳಗಿನಿಂದ ಮೇಲಕ್ಕೆ ಹೋಯಿತು. 120ನೇ ಸಾಲು ಮಾತ್ರ ತಪ್ಪಾಯಿತು. ಅಕ್ಕ ಬಂದಾಗ ಮೊದಲು ಹಳೆಯ ರೆಕಾರ್ಡಿಂಗ್‌ನ 100ರಿಂದ 130ರವರೆಗೆ ಹೆಡ್‌ಫೋನಿನಲ್ಲಿ ಕೇಳಿಸಿದೆವು, ಅವತ್ತಿನ ವೇಗ, ಅವತ್ತಿನ ಹದ ನೆನಪಾಗಲಿ ಅಂತ. ಆಮೇಲೆ 110, 120, 130 ಮೂರನ್ನೂ ಸಾಲಾಗಿ ಓದಿಸಿದೆವು. ಬೇಕಾದದ್ದು ನಡುವಿನದು ಮಾತ್ರ. ಒಂಟಿಯಾಗಿ ಓದಿದ ಸಾಲು ಯಾವಾಗಲೂ ಸ್ವಲ್ಪ ಜೋರಾಗಿ, ಘೋಷಣೆಯ ಹಾಗೆ ಬರುತ್ತದೆ. ಹಿಂದೆ ಮುಂದೆ ಜೊತೆ ಇದ್ದರೆ ತನ್ನ ಜಾಗದಲ್ಲಿ ಕೂರುತ್ತದೆ. ಮೂರು ಸಲ ಓದಿದರು, ಎರಡನೆಯದನ್ನು ಇಟ್ಟುಕೊಂಡೆವು. ಕಾಲು ಗಂಟೆಯಲ್ಲಿ ಮುಗಿಯಿತು. ಹೊಸದು ಸರಿ ಕೂತಿದೆಯಾ ಅಂತ ನೋಡಲು ನಾನು ಕಣ್ಣು ಮುಚ್ಚಿ 100ರಿಂದ ಕೇಳಿದೆ. ಎಲ್ಲಿ ಬದಲಾಯಿತು ಅಂತ ಬೆರಳು ಎತ್ತಬೇಕು ಅಂತ ಎಡಿಟರ್ ಹೇಳಿದ್ದ. ಎತ್ತಲು ಆಗಲಿಲ್ಲ.

ಎಲ್ಲವನ್ನೂ ಹೀಗೆ ಒಡೆಯಬಾರದು ಅನ್ನುವುದೂ ಈ ವಿಡಿಯೋದಲ್ಲೇ ಗೊತ್ತಾಯಿತು. ಶುರುವಿನಲ್ಲಿ ಒಂದು ಪುಟ್ಟ ಕಥೆ ಇದೆ. ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಚಿಲ್ಲರೆ ಇಲ್ಲದೆ ಒದ್ದಾಡುವ ಹೆಂಗಸಿನ ಕಥೆ. ಅದನ್ನೂ ನಾನು ಆರು ತುಂಡು ಮಾಡಿ ಕೊಟ್ಟಿದ್ದೆ. ಪ್ರತಿ ವಾಕ್ಯಕ್ಕೂ ದನಿ ಇಳಿದು ಇಳಿದು ಕಥೆಯ ಜೀವವೇ ಹೋಯಿತು. ಅದರಲ್ಲಿ ಅಂಕಿ ಇಲ್ಲ, ಬಟನ್ ಇಲ್ಲ, ಬದಲಾಗುವಂಥದ್ದು ಏನೂ ಇಲ್ಲ. ಹಾಗಾಗಿ ಆರನ್ನೂ ಸೇರಿಸಿ ಒಂದೇ ತುಂಡು ಮಾಡಿದೆ. "ಹೋಗಿ, ನೋಡಿ, ಕೇಳಿ" ಎಲ್ಲ ವಾಪಸ್ ಬಂದವು. ಅಕ್ಕ ಅದನ್ನು ಪಕ್ಕದ ಮನೆಯವರಿಗೆ ಹೇಳುವ ಹಾಗೆ ಓದಿದರು. ಆ ಫೈಲಿನ ಹೆಸರು `UL_010_v1.wav`. ಇವತ್ತಿಗೂ v1 ಆಗಿಯೇ ಇದೆ.